ಬೆಳಗ್ಗೆ ಒಂಬತ್ತಕ್ಕೆ ಮಲಗುವ ಅಲಾರಂ

ನೈಟ್ ಡ್ಯೂಟಿ ಮಾಡುವ ನರ್ಸ್‌ಗಳ ಮನೆಯಲ್ಲಿ ಒಂದು ಮಾತು ಜಾಸ್ತಿ ಕೇಳಿಬರುತ್ತದೆ. "ಹಗಲೆಲ್ಲ ಮನೇಲೇ ಇರ್ತಾಳಲ್ಲ, ಬಿಡಿ." ಗ್ಯಾಸ್ ಬುಕ್ ಮಾಡೋದು, ಬ್ಯಾಂಕಿಗೆ ಹೋಗೋದು, ಕೊರಿಯರ್ ತಗೊಳ್ಳೋದು, ಊರಿಂದ ಬಂದ ನೆಂಟರಿಗೆ ಅಡುಗೆ ಮಾಡೋದು, ಎಲ್ಲ ಅವಳ ತಲೆಗೆ. ರಾತ್ರಿ ಹನ್ನೆರಡು ಗಂಟೆ ನಿಂತು ದುಡಿದವಳಿಗೆ ಹಗಲೇ ರಾತ್ರಿ ಅನ್ನೋದು ಯಾರಿಗೂ ಹೊಳೆಯೋದಿಲ್ಲ. ಎಷ್ಟೋ ಸಲ ಅವಳಿಗೂ ಹೊಳೆಯೋದಿಲ್ಲ.

ಇದು ವಸಂತಳ ಕಥೆ. ಕಥೆ ಅಂತಲೇ ಓದಿ. ಹೆಸರು ನಾನು ಇಟ್ಟದ್ದು. ನನಗೆ ಗೊತ್ತಿರುವ ನಾಲ್ಕಾರು ಸಿಸ್ಟರ್‌ಗಳ ಬದುಕಿನ ಚೂರುಗಳೂ ಇದರಲ್ಲಿ ಸೇರಿಕೊಂಡಿವೆ. ವಸಂತ ಮತ್ತು ನಾನು ಒಟ್ಟಿಗೆ ಜಿಎನ್‌ಎಂ ಓದಿದವರು, ಹಾಸ್ಟೆಲಿನಲ್ಲಿ ಒಂದೇ ರೂಮು. ಅವಳು ಮೈಸೂರಿನಲ್ಲಿ ಒಂದು ಖಾಸಗಿ ಆಸ್ಪತ್ರೆ ಸೇರಿದಳು. ನಾನು ಕೆಲವು ವರ್ಷ ವಾರ್ಡಿನಲ್ಲಿ ದುಡಿದು, ಆಮೇಲೆ ಬೆಂಗಳೂರಿನ ಒಂದು ನಿದ್ದೆ ಲ್ಯಾಬ್ ಸೇರಿದೆ. ಅಲ್ಲಿ ನನ್ನ ಕೆಲಸ ರೋಗಿಗಳ ತಲೆಗೆ, ಗಲ್ಲಕ್ಕೆ, ಕಾಲಿಗೆ ವೈರ್ ಅಂಟಿಸಿ, ಪಕ್ಕದ ಕೋಣೆಯಲ್ಲಿ ಕೂತು, ರಾತ್ರಿಯಿಡೀ ಅವರ ನಿದ್ದೆಯನ್ನು ಪರದೆಯ ಮೇಲೆ ನೋಡೋದು. ಅಂದರೆ ಬೇರೆಯವರು ಮಲಗಲಿ ಅಂತ ನಾನು ಎದ್ದಿರೋದು. ತಮಾಷೆ ಅಲ್ವಾ?

ವಸಂತ ನೈಟ್ ಡ್ಯೂಟಿಯನ್ನು ತಾನೇ ಕೇಳಿ ತಗೊಂಡಿದ್ದಳು. ಮಗ ನಾಲ್ಕನೇ ಕ್ಲಾಸು. ಗಂಡ ನಂಜನಗೂಡಿನ ಫ್ಯಾಕ್ಟರಿಗೆ ಬೆಳಗ್ಗೆ ಎಂಟಕ್ಕೆ ಹೊರಟರೆ ಬರೋದು ಸಂಜೆ ಆರೂವರೆಗೆ. ಹಗಲು ಡ್ಯೂಟಿ ಆದರೆ ಶಾಲೆಯಿಂದ ಬರುವ ಮಗುವಿನ ಮುಖ ನೋಡೋಕಾಗಲ್ಲ ಅಂತ ಅವಳ ಲೆಕ್ಕ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ, ಐದು ರಾತ್ರಿ ಡ್ಯೂಟಿ, ಎರಡು ನೈಟ್ ಆಫ್. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಹಗಲು ಪೂರ್ತಿ ಕೈಯಲ್ಲಿ.

ಆ ಹಗಲು ಹೇಗಿರುತ್ತಿತ್ತು ಅಂದರೆ, ಎಂಟಕ್ಕೆ ಡ್ಯೂಟಿ ಮುಗಿದರೂ ಹ್ಯಾಂಡ್‌ಓವರ್ ಮುಗಿಯೋಕೆ ಎಂಟೂ ಇಪ್ಪತ್ತು. ಬಸ್ಸು ಹಿಡಿದು ಮನೆಗೆ ಬಂದಾಗ ಒಂಬತ್ತು. ಮಗ ಶಾಲೆ ವ್ಯಾನು ಹತ್ತಿ ಹೋಗಿ ಆಗಿರುತ್ತಿತ್ತು. ಸಿಂಕಿನಲ್ಲಿ ಪಾತ್ರೆ. ನಲ್ಲಿಯಲ್ಲಿ ನೀರು ನಿಲ್ಲುವ ಮುಂಚೆ ಡ್ರಮ್ಮು ತುಂಬಬೇಕು. ಮಧ್ಯಾಹ್ನದ ಸಾರಿಗೆ ಬೇಳೆ ಇಡಬೇಕು. ಅತ್ತೆ ಕೆಟ್ಟವರಲ್ಲ, ಮಂಡಿ ನೋವಿನವರು. "ಒಂದು ಕೈ ಹಾಕಮ್ಮ, ಆಮೇಲೆ ಮಲಕ್ಕೊಳ್ಳುವಂತೆ" ಅನ್ನುವರು. ಆ 'ಆಮೇಲೆ' ಬರೋದು ಹನ್ನೊಂದೂವರೆಗೆ. ಮಲಗಿ ಒಂದೂವರೆ ಗಂಟೆಯಾಗುವಷ್ಟರಲ್ಲಿ ಎಚ್ಚರ. ಮತ್ತೆ ಹೊರಳಾಡಿ, ಟಿವಿ ಮುಂದೆ ತೂಕಡಿಸಿ, ಮೂರೂಮುಕ್ಕಾಲಿಗೆ ಮಗ ಬಂದಾಗ ತಲೆ ಸಿಡಿಯುತ್ತಿರುತ್ತಿತ್ತು. ಅವನ ಹೋಮ್‌ವರ್ಕ್ ನೋಡುತ್ತಾ ಬೈದು, ಆರು ಗಂಟೆಗೆ ಸೋಫಾದ ಮೇಲೆ ಅರ್ಧ ಗಂಟೆ ಬಿದ್ದುಕೊಂಡು, ಏಳೂಕಾಲಿಗೆ ಮತ್ತೆ ಬಸ್ ಸ್ಟಾಪು. ಎಲ್ಲ ಚೂರು ಕೂಡಿಸಿದರೂ ನಾಲ್ಕು ಗಂಟೆ ನಿದ್ದೆ ಆಗುತ್ತಿರಲಿಲ್ಲ.

ಮಗುವಿನ ಜೊತೆ ಇರೋಕೆ ಅಂತ ತಗೊಂಡ ಹಗಲು, ಮಗುವನ್ನು ಬೈಯೋಕೆ ಮಾತ್ರ ಉಳಿದಿತ್ತು.

ಅವಳು ನನಗೆ ಫೋನ್ ಮಾಡಿದ್ದು ಇದಕ್ಕಲ್ಲ. ಒಂದು ಫೋಟೋ ಕಳಿಸಿದ್ದಳು. ಇನ್‌ಟೇಕ್-ಔಟ್‌ಪುಟ್ ಚಾರ್ಟು. ಗೊತ್ತಿಲ್ಲದವರಿಗೆ ಹೇಳೋದಾದರೆ, ರೋಗಿಗೆ ಎಷ್ಟು ನೀರು, ಡ್ರಿಪ್ಪು ಹೋಯಿತು, ಎಷ್ಟು ಮೂತ್ರ ಬಂತು ಅಂತ ಗಂಟೆಗಂಟೆಗೆ ಬರೆದು, ಬೆಳಗ್ಗೆ ಆರಕ್ಕೆ ಒಟ್ಟು ಹಾಕುವ ಹಾಳೆ. ನಾಲ್ಕು ಗಂಟೆಯ ಸಾಲಿನಲ್ಲಿ '60' ಅಂತ ಬರೆದಿದ್ದಳು. ಆ ಸೊನ್ನೆ ಮುಚ್ಚಿಕೊಂಡಿರಲಿಲ್ಲ. ಅದರ ಬಾಲ ಹಾಗೇ ಕೆಳಗಿಳಿದು, ಐದು, ಆರು, ಏಳರ ಸಾಲನ್ನೆಲ್ಲ ದಾಟಿ, ಹಾಳೆಯ ಅಂಚಿನವರೆಗೆ ಹೋಗಿತ್ತು. "ಇದು ಯಾವಾಗ ಎಳೆದೆ ಅಂತ ನನಗೆ ಗೊತ್ತೇ ಇಲ್ಲ ಕಣೆ" ಅಂದಳು. "ನಾನು ನಿದ್ದೆ ಮಾಡಿಲ್ಲ. ನಿಂತಿದ್ದೆ."

ನಾನು ದಿನಾ ನೋಡುವ ಪರದೆಯಲ್ಲಿ ಇದಕ್ಕೆ ಒಂದು ಆಕಾರ ಇದೆ. ಎಚ್ಚರದ ಮಿದುಳಿನ ಗೆರೆ ಸಣ್ಣಗೆ, ಗಿಜಿಗಿಜಿ ಅಂತ ಓಡುತ್ತಿರುತ್ತದೆ. ಇದ್ದಕ್ಕಿದ್ದ ಹಾಗೆ ಕೆಲವು ಸೆಕೆಂಡು ನಿಧಾನ ಆಗಿ, ಮತ್ತೆ ಮೊದಲಿನ ಹಾಗೆ ಆಗುತ್ತದೆ. ಮೈಕ್ರೋಸ್ಲೀಪ್ ಅನ್ನುತ್ತೇವೆ. ಕಣ್ಣು ತೆರೆದಿರಬಹುದು, ಕಾಲ ಮೇಲೆ ನಿಂತಿರಬಹುದು. ಆದವರಿಗೆ ಅದು ಗೊತ್ತಾಗುವುದಿಲ್ಲ, ಕಷ್ಟ ಇರೋದೇ ಅಲ್ಲಿ. ಗುರುತು ಸಿಗೋದು ಹೊರಗಿನಿಂದ: ಜಾರಿದ ಪೆನ್ನು, ಒಂದೇ ವಯಲ್‌ನ ಲೇಬಲ್ಲನ್ನು ಮೂರು ಸಲ ಓದೋದು, ಬಸ್ಸಿನಲ್ಲಿ ಸ್ಟಾಪು ಕಳೆದು ಹೋದದ್ದು. ಇನ್ಸುಲಿನ್ ಕೊಡುವಾಗ ಇನ್ನೊಬ್ಬ ಸಿಸ್ಟರ್ ನೋಡಿ ಸಹಿ ಹಾಕುವ ಪದ್ಧತಿ ಅವಳ ವಾರ್ಡಿನಲ್ಲಿ ಇತ್ತು. ಪುಣ್ಯಕ್ಕೆ.

ಜೊತೆಯ ಸಿಸ್ಟರೊಬ್ಬರು "ಅರ್ಧ ಆಲ್ಪ್ರಜೋಲಾಮ್ ತಗೊಂಡು ಮಲಗು" ಅಂದಿದ್ದರಂತೆ. ನಮ್ಮ ಕೈಗೆ ಮಾತ್ರೆ ಸುಲಭವಾಗಿ ಸಿಗುತ್ತದೆ, ಆ ದಾರಿ ಎಲ್ಲಿಗೆ ಹೋಗುತ್ತದೆ ಅಂತಲೂ ನಮಗೆ ಗೊತ್ತು. ಬೇಡ ಅಂದೆ. "ಮೊದಲು ನೀನು ಎಷ್ಟೊತ್ತಿಗೆ ಮಲಗ್ತೀಯ ಹೇಳು" ಅಂತ ಕೇಳಿದೆ. "ಕೆಲಸ ಮುಗಿದ ಮೇಲೆ" ಅಂದಳು.

ಇಲ್ಲಿ ಸ್ವಲ್ಪ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗೋದಿಲ್ಲ. ನಿದ್ದೆಯನ್ನು ಎರಡು ಶಕ್ತಿಗಳು ಆಳುತ್ತವೆ ಅಂತ 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಅನ್ನುವ ವಿಜ್ಞಾನಿ ಬರೆದರು. ನಮ್ಮ ಕ್ಷೇತ್ರದಲ್ಲಿ ಇವತ್ತಿಗೂ ಅದೇ ಬುನಾದಿ. ಒಂದು, ಎದ್ದಾಗಿನಿಂದ ಗಂಟೆಗಂಟೆಗೂ ಏರುವ ನಿದ್ದೆಯ ಒತ್ತಡ. ಇನ್ನೊಂದು, ಮೈಯೊಳಗಿನ ಗಡಿಯಾರ. ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಸ್ವಲ್ಪ ಮೇಲೆ, ಮಿದುಳಿನಲ್ಲಿ ಪುಟ್ಟದೊಂದು ಜೀವಕೋಶಗಳ ಗುಂಪಿದೆ. ನಾವು ಎಷ್ಟು ದಣಿದಿದ್ದೇವೆ ಅನ್ನೋದನ್ನು ಅದು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಬೆಳಗಾಯಿತು ಅಂದರೆ ಏಳು ಅನ್ನುತ್ತದೆ, ಅಷ್ಟೆ. ಬೆಳಗಿನ ಜಾವ ನಾಲ್ಕೈದು ಗಂಟೆಗೆ ಮೈ ಬಿಸಿ ತೀರಾ ಕಡಿಮೆ ಇರುತ್ತದೆ. ವಸಂತಳ ಪೆನ್ನು ಜಾರಿದ್ದು ಆ ಹೊತ್ತಿಗೇ. ಅಲ್ಲಿಂದ ಮುಂದೆ ಮೈ ಬಿಸಿಯಾಗುತ್ತಾ ಹೋಗುತ್ತದೆ, ಎಚ್ಚರದ ತಳ್ಳು ಜೋರಾಗುತ್ತದೆ.

ಅಂದರೆ ಬೆಳಗ್ಗೆ ಒಂಬತ್ತೂವರೆಗೆ ಮಲಗಿದವಳು ಒತ್ತಡದ ಬಲದಿಂದ ಆಳಕ್ಕೆ ಇಳಿಯಬಹುದು. ಹನ್ನೊಂದೂವರೆಗೆ ಮಲಗಿದವಳೂ ದಣಿವಿಗೆ ಬಿದ್ದ ತಕ್ಷಣ ನಿದ್ದೆ ಹೋಗುತ್ತಾಳೆ. ಆದರೆ ಮೊದಲ ಒಂದೆರಡು ಗಂಟೆಯಲ್ಲಿ ಆ ಒತ್ತಡ ಇಳಿಯುತ್ತಿದ್ದ ಹಾಗೆ, ಗಡಿಯಾರ ಹೊರಗೆ ನೂಕುತ್ತದೆ. ತಡವಾಗಿ ಮಲಗಿದರೆ ತಡವಾಗಿ ಏಳಬಹುದು ಅನ್ನೋದು ರಾತ್ರಿ ನಿದ್ದೆಯ ಲೆಕ್ಕ. ಹಗಲು ನಿದ್ದೆಗೆ ಆ ಲೆಕ್ಕ ಹೊಂದೋದಿಲ್ಲ. ಪಾತ್ರೆ ತೊಳೆದು, ಡ್ರಮ್ಮು ತುಂಬಿ, ಬೇಳೆ ಬೇಯಿಸಿ ಆಮೇಲೆ ನಿದ್ದೆಗೆ ಹೋಗೋದು ಅಂದರೆ, ಹೊರಟುಹೋದ ಬಸ್ಸಿನ ಹಿಂದೆ ಓಡಿದ ಹಾಗೆ.

ಹಾಗಾಗಿ ನಾನು ಹೇಳಿದ್ದು ಒಂದೇ. ಫೋನಿನಲ್ಲಿ ಮಲಗೋಕೆ ಒಂದು ಅಲಾರಂ ಇಡು. ಎಷ್ಟೇ ಕೆಲಸ ಬಾಕಿ ಇರಲಿ, ಅದು ಹೊಡೆದ ಮೇಲೆ ಹೋಗು.

ಹೇಳಿದಷ್ಟು ಸುಲಭವಾಗಿ ಆಗಲಿಲ್ಲ. ಮೊದಲು ಅವಳು ಗಡಿಯಾರದ ಆ್ಯಪ್‌ನಲ್ಲಿರುವ Bedtime ಅನ್ನೋದನ್ನು ತೆರೆದು, ಒಂಬತ್ತೂವರೆಗೆ ಇಟ್ಟಳು. ಆ ಹೊತ್ತಿಗೆ ಅವಳ ಕೈ ಪಾತ್ರೆಯ ಸೋಪಿನಲ್ಲಿ. ಮೊಣಕೈಯಿಂದ ಪರದೆ ತಳ್ಳಿ ಸುಮ್ಮನಾಗಿಸಿದಳು. ಇದೇ ನಾಲ್ಕು ದಿನ. ಜೊತೆಗೆ ಆ ಟೋನು. ಐಸಿಯುನಲ್ಲಿ ದುಡಿದವರಿಗೆ 'ಬೀಪ್' ಅನ್ನುವ ಯಾವ ಸದ್ದೂ ಸುಮ್ನೆ ಸದ್ದಲ್ಲ. ಮಾನಿಟರೋ ಇನ್‌ಫ್ಯೂಷನ್ ಪಂಪೋ ಕೂಗಿದರೆ ಕಾಲು ತಾನಾಗಿಯೇ ಓಡುತ್ತದೆ. ಮಲಗು ಅನ್ನುವ ಅಲಾರಂ ಅವಳ ಎದೆ ಢವಢವ ಅನ್ನಿಸುತ್ತಿತ್ತು.

ಎರಡು ಬದಲಾವಣೆ ಮಾಡಿದೆವು. ಟೋನು ತೆಗೆದು ಸಣ್ಣ ಕೊಳಲಿನ ಸದ್ದು ಹಾಕಿದಳು. ಹೊತ್ತನ್ನು ಹಿಂದಕ್ಕೆ ತಂದು ಒಂಬತ್ತಕ್ಕೆ ಇಟ್ಟಳು. ಅಂದರೆ ಅವಳು ಚಪ್ಪಲಿ ಬಿಡುವ ಹೊತ್ತಿಗೆ, ಅಡುಗೆಮನೆಗೆ ಕಾಲಿಡುವ ಮುಂಚೆ. ಕೆಲಸದ ಮಧ್ಯೆ ಬಂದ ಅಲಾರಂ ಕೆಲಸಕ್ಕೆ ಅಡ್ಡಿ ಅನ್ನಿಸುತ್ತದೆ. ಕೆಲಸ ಶುರುವಾಗುವ ಮುಂಚೆ ಬಂದರೆ ಅದನ್ನು ಪಾಲಿಸೋದು ಸುಲಭ. ಅಲಾರಂಗೆ ಹೆಸರೂ ಹಾಕಿದಳು. 'ಮಲಗು' ಅಂತ ಬರೆದಿದ್ದಾಗ ಯಾರೋ ಗದರಿದ ಹಾಗೆ ಅನ್ನಿಸುತ್ತಿತ್ತಂತೆ. ಅದನ್ನು ಅಳಿಸಿ 'ಎರಡು ಇಡ್ಲಿ, ಸ್ನಾನ, ಪರದೆ' ಅಂತ ಬರೆದಳು. ಡಾಕ್ಟರು ಬರೆದ ಆರ್ಡರಿನ ಹಾಗೆ ಒಂದಾದ ಮೇಲೊಂದು. ನಮಗೆ ಆ ಭಾಷೆ ಬೇಗ ಹತ್ತುತ್ತದೆ. ಒಂಬತ್ತಕ್ಕೆ ಅಲಾರಂ, ಒಂಬತ್ತೂ ನಲವತ್ತಕ್ಕೆ ಹಾಸಿಗೆ.

ಈಗ ಅತ್ತೆಯ ವಿಷಯ. ಹೊತ್ತು ಏರಿದ ಮೇಲೆ ಮನೆ ಸೊಸೆ ಮಲಗಿದರೆ ಲಕ್ಷ್ಮಿ ನಿಲ್ಲಲ್ಲ ಅನ್ನುವ ಕಾಲದವರು ಅವರು. ವಸಂತ ಎದುರು ಮಾತಾಡುವವಳೂ ಅಲ್ಲ. "ಅತ್ತೆ, ನನಗೆ ನಿದ್ದೆ ಬರ್ತಿದೆ, ನಾನು ಹೋಗ್ತೀನಿ" ಅನ್ನುವ ಒಂದು ವಾಕ್ಯವನ್ನು ಅವಳು ಮದುವೆಯಾಗಿ ಇಷ್ಟು ವರ್ಷದಲ್ಲಿ ಹೇಳಿರಲಿಲ್ಲ. ಇದನ್ನು ಓದುತ್ತಿರುವ ಎಷ್ಟು ಹೆಣ್ಣುಮಕ್ಕಳು ಹೇಳಿದ್ದೀರಿ?

ಆ ವಾಕ್ಯವನ್ನು ಅಲಾರಂ ಹೇಳಿತು. ಒಂಬತ್ತಕ್ಕೆ ಕೊಳಲು ಕೇಳಿದಾಗ ಅತ್ತೆ ಮೊದಮೊದಲು "ಏನದು?" ಅಂತ ಕೇಳುತ್ತಿದ್ದರು. "ಡ್ಯೂಟಿ ಅಲಾರಂ ಅತ್ತೆ, ಈಗ ಮಲಗಬೇಕು ಅಂತ" ಅಂದಳು ವಸಂತ. ಡ್ಯೂಟಿ ಅನ್ನುವ ಮಾತಿಗೆ ನಮ್ಮ ಮನೆಗಳಲ್ಲಿ ಇರುವ ತೂಕ ನಿದ್ದೆ ಅನ್ನುವ ಮಾತಿಗೆ ಇಲ್ಲ. ಅವರಿಗೆ ಅದು ಆಸ್ಪತ್ರೆಯವರ ಕಟ್ಟಪ್ಪಣೆ ಅನ್ನಿಸಿತೋ ಏನೋ. ಒಂದೆರಡು ವಾರ ಕಳೆದ ಮೇಲೆ ಅವಳು ಸುಮ್ನೆ ಒಂದು ಲೋಟ ತೊಳೆಯೋಕೆ ಹೋದರೂ, "ಅಲ್ಲಿ ನಿನ್ನ ಫೋನು ಬಡ್ಕೋತಿದೆ ನೋಡಮ್ಮ, ಹೋಗು" ಅನ್ನೋಕೆ ಶುರು ಮಾಡಿದರು. ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಜಾಗ ಇದು. ನಿದ್ದೆಯ ವಿಜ್ಞಾನ ನಾನು ಬೇಕಾದಷ್ಟು ಹೇಳಬಲ್ಲೆ, ಆದರೆ ಸೊಸೆಯ ಬಾಯಲ್ಲಿ ಬಾರದ ಮಾತನ್ನು ಹೇಳೋಕೆ ನನ್ನ ಹತ್ತಿರ ಯಾವ ಉಪಾಯವೂ ಇರಲಿಲ್ಲ. ಕೆಲಸ ಹಂಚಿಕೆಯೂ ನಿಧಾನಕ್ಕೆ ಬದಲಾಯಿತು. ಬೇಳೆಯನ್ನು ಗಂಡ ಹೊರಡುವ ಮುಂಚೆ ಕುಕ್ಕರಿಗೆ ಇಟ್ಟು ಕೂಗಿಸಿ ಹೋಗುವುದು, ಪಾತ್ರೆ ನಾಲ್ಕು ಗಂಟೆಯ ಮೇಲೆ ವಸಂತ ತೊಳೆಯುವುದು. ಸಿಂಕಿನಲ್ಲಿ ಪಾತ್ರೆ ಬಿದ್ದಿರೋದನ್ನು ನೋಡಿಕೊಂಡು ಮಲಗೋದು ಅವಳಿಗೆ ಎಲ್ಲಕ್ಕಿಂತ ಕಷ್ಟ ಆಯಿತಂತೆ.

ಹಾಸಿಗೆಗೆ ಹೋದರಷ್ಟೇ ಸಾಲದು. ರಸ್ತೆ ಕಡೆಯ ರೂಮಿನಲ್ಲಿ ಕಸದ ಗಾಡಿಯ ಹಾಡು, ತರಕಾರಿ ಗಾಡಿಯ ಮೈಕು, ಪಕ್ಕದ ಸೈಟಿನಲ್ಲಿ ಕಲ್ಲು ಕೊಯ್ಯುವ ಮಿಷನ್ನು. ದೇವರ ಮನೆ ಪಕ್ಕದ ಹಿಂದಿನ ರೂಮಿಗೆ ಹಾಸಿಗೆ ಹಾಕಿಸಿಕೊಂಡಳು. ಕಿಟಕಿಗೆ ಎರಡು ಪದರ ದಪ್ಪ ಕಪ್ಪು ಬಟ್ಟೆ. ಕೈ ಚಾಚಿದರೆ ಬೆರಳು ಕಾಣಬಾರದು, ಅಷ್ಟು ಕತ್ತಲೆ ಅಂತ ನಾನು ಹೇಳಿದ್ದೆ. ಫ್ಯಾನಿನ ಸದ್ದು ಒಳ್ಳೆಯದೇ, ಹೊರಗಿನ ಚಿಲ್ಲರೆ ಸದ್ದನ್ನು ಮುಚ್ಚುತ್ತದೆ.

ಫೋನನ್ನು ಆಫ್ ಮಾಡು ಅಂದರೆ ಒಪ್ಪಲಿಲ್ಲ. ಶಾಲೆಯಿಂದ ಫೋನ್ ಬಂದರೆ? ಊರಲ್ಲಿ ಅಪ್ಪನಿಗೆ ಏನಾದರೂ ಆದರೆ? ನಿದ್ದೆ ಬಂದವಳೂ ಆ ಭಯಕ್ಕೆ ಅರ್ಧ ಎಚ್ಚರವಾಗಿಯೇ ಇರುತ್ತಾಳೆ. ಅದಕ್ಕೆ Do Not Disturb ಹಾಕಿ, ಶಾಲೆ, ಗಂಡ, ಅಪ್ಪ, ವಾರ್ಡ್ ಇನ್‌ಚಾರ್ಜ್, ಈ ನಾಲ್ಕು ನಂಬರಿಗೆ ಮಾತ್ರ ದಾರಿ ಬಿಟ್ಟೆವು. ಒಂದೇ ನಂಬರಿನಿಂದ ಹದಿನೈದು ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ರಿಂಗ್ ಆಗಲಿ ಅನ್ನುವ ಆಯ್ಕೆಯೂ ಅವಳ ಫೋನಿನಲ್ಲಿತ್ತು. ನಿಜವಾಗಿ ತುರ್ತು ಇದ್ದವರು ಎರಡು ಸಲ ಮಾಡುತ್ತಾರೆ. ಲೋನ್ ಬೇಕಾ ಅನ್ನುವವರು ಮಾಡೋದಿಲ್ಲ.

ಮೊದಲ ವಾರ ಇದೆಲ್ಲ ಮಾಡಿದರೂ ಹನ್ನೆರಡೂವರೆಗೆ ಎಚ್ಚರ ಆಗುತ್ತಿತ್ತು. ಆಗ ನಾವು ನರ್ಸ್‌ಗಳು ಮಾಡುವ ಕೆಲಸವನ್ನೇ ಮಾಡಿದಳು. ಚಾರ್ಟ್ ಹಾಕಿದಳು. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಕಾಲಂ: ಮಲಗಿದ್ದು, ಎದ್ದಿದ್ದು, ಮಧ್ಯೆ ಎಚ್ಚರ, ಕೊನೆಯ ಕಾಫಿ. ಕಾಫಿಯ ಕಾಲಂ ನಾನು ಹೇಳಿ ಸೇರಿಸಿದ್ದು. ಎರಡು ವಾರದ ಹಾಳೆಯನ್ನು ಫೋಟೋ ತೆಗೆದು ಕಳಿಸಿದಾಗ ಉತ್ತರ ಅದರಲ್ಲೇ ಇತ್ತು. ಬೆಳಗ್ಗೆ ಐದಕ್ಕೆ, ರಕ್ತ ತೆಗೆಯುವ ರೌಂಡು ಶುರುವಾಗುವ ಮುಂಚೆ, ವಾರ್ಡಿನ ಆಯಾ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದರು. ಆ ಕಾಫಿ ಕುಡಿದ ದಿನವೆಲ್ಲ ಮಧ್ಯಾಹ್ನಕ್ಕೇ ಎಚ್ಚರ. ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ಕರಗೋಕೆ ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಐದಕ್ಕೆ ಕುಡಿದದ್ದರ ಅರ್ಧ ಹತ್ತು ಗಂಟೆಗೆ ಇನ್ನೂ ಮೈಯಲ್ಲಿ ಇರುತ್ತದೆ. ನಿದ್ದೆ ಹತ್ತೋಕೆ ಅದು ಅಡ್ಡ ಬರದೇ ಇರಬಹುದು, ದಣಿವು ಅಷ್ಟಿರುತ್ತದೆ. ಆದರೆ ಆಳಕ್ಕೆ ಬಿಡೋದಿಲ್ಲ. ಕೊನೆಯ ಕಾಫಿಯನ್ನು ಎರಡೂವರೆಗೆ ತಂದಳು. ಐದಕ್ಕೆ ಬಿಸಿನೀರಿಗೆ ಜೀರಿಗೆ. ಆಯಾ ಮುಖ ಸಣ್ಣ ಮಾಡಿಕೊಂಡರಂತೆ.

ಇನ್ನೊಂದು ಬೆಳಕು. ಗಡಿಯಾರವನ್ನು ತಿರುಗಿಸುವ ಕೀಲಿ ಬೆಳಕು. ರಾತ್ರಿಯ ಬೆಳಕು ಅದನ್ನು ತಡ ಮಾಡುತ್ತದೆ, ಅಂದರೆ ರಾತ್ರಿ ದುಡಿಯುವವಳಿಗೆ ಬೇಕಾದ ಕಡೆಗೆ ನೂಕುತ್ತದೆ. ಮೈ ಬಿಸಿ ತೀರಾ ಇಳಿದ ಹೊತ್ತು ದಾಟಿದ ಮೇಲೆ ಬಿದ್ದ ಬೆಳಕು ಅದನ್ನು ವಾಪಸ್ ಎಳೆಯುತ್ತದೆ. ವಸಂತ ಬಸ್ ಸ್ಟಾಪಿನಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಿದ್ದಳು. ಎಳೆಬಿಸಿಲು ಮೈಗೆ ಒಳ್ಳೆಯದು ಅಂತ. ರಾತ್ರಿಯೆಲ್ಲ ಅಷ್ಟೋ ಇಷ್ಟೋ ತಡವಾದ ಗಡಿಯಾರವನ್ನು ಆ ಬಿಸಿಲು ದಿನಾ ಮತ್ತೆ ಹಗಲಿಗೆ ಎಳೆಯುತ್ತಿತ್ತು. ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು ಬಾ ಅಂದೆ. "ಯೂನಿಫಾರಂ ಮೇಲೆ ಕಪ್ಪು ಕನ್ನಡಕ ಹಾಕ್ಕೊಂಡು ಬಸ್ಸಲ್ಲಿ ಕೂತ್ರೆ ಜನ ಏನಂತಾರೆ? ಕಣ್ಣು ಬೇನೆ ಅಂತಾರೆ" ಅಂದಳು. "ಅನ್ಲಿ ಬಿಡು, ಪಕ್ಕದ ಸೀಟು ಖಾಲಿ ಸಿಗುತ್ತೆ" ಅಂದೆ. ಒಂದು ಎಚ್ಚರಿಕೆ. ಅವಳು ಬಸ್ಸಿನಲ್ಲಿ ಬರುವವಳು ಅಂತ ನಾನು ಇದನ್ನು ಹೇಳಿದ್ದು. ಸ್ಕೂಟರಿನಲ್ಲಿ ಬರುವವರಿಗೆ ಹೇಳುವುದಿಲ್ಲ. ನೈಟ್ ಮುಗಿಸಿ ಗಾಡಿ ಓಡಿಸುವಾಗ ನಿದ್ದೆ ಬರೋದೇ ದೊಡ್ಡ ಅಪಾಯ, ಕಣ್ಣಿಗೆ ಕತ್ತಲೆ ಬೇರೆ ಸೇರಿಸಬಾರದು.

ಚಾರ್ಟು ನಿಧಾನವಾಗಿ ಬದಲಾಯಿತು. ಮೂರನೇ ವಾರದಲ್ಲಿ ಒಂದು ದಿನದ ಸಾಲು ಹೀಗಿತ್ತು: ಮಲಗಿದ್ದು 9:45, ಎದ್ದಿದ್ದು 3:10, ಮಧ್ಯೆ ಎಚ್ಚರ ಒಂದು ಸಲ, ಹತ್ತು ನಿಮಿಷ, ಸಿಲಿಂಡರಿನವನು. ಕಾಫಿ 2:30. ಕೂಡಿ ಕಳೆದರೆ ಐದೂಕಾಲು ಗಂಟೆ. ಒಂದೇ ತುಂಡು ಅನ್ನಬಹುದಾದ ನಿದ್ದೆ. ಎರಡು ತಿಂಗಳಾದ ಮೇಲೂ ಅದು ಆರು ಗಂಟೆಯ ಆಚೆ ಈಚೆ ನಿಂತಿತು, ಏಳಕ್ಕೆ ಹೋಗಲಿಲ್ಲ. ಹೋಗುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ. ಹಗಲು ನಿದ್ದೆ ರಾತ್ರಿ ನಿದ್ದೆಗಿಂತ ಗಿಡ್ಡ, ಅದನ್ನು ಎಷ್ಟು ಸರಿಮಾಡಿದರೂ ಸ್ವಲ್ಪ ಗಿಡ್ಡವೇ.

ನೈಟ್ ಆಫ್ ದಿನಗಳದ್ದು ಬೇರೆ ಕಥೆ. ಮೊದಲನೇ ಆಫ್ ಅನ್ನೋದು ಹೆಸರಿಗೆ ಆಫ್. ಬೆಳಗ್ಗೆ ಡ್ಯೂಟಿ ಮುಗಿಸಿ ಬಂದು ಮಲಗಿದರೆ ಅರ್ಧ ದಿನ ಅಲ್ಲೇ ಹೋಯಿತು. ಇದು ರೋಸ್ಟರ್ ಹಾಕುವವರಿಗೆ ಎಂದೂ ಅರ್ಥವಾಗೋದಿಲ್ಲ. ಹಿಂದೆ ವಸಂತ ಆ ದಿನ ನಿದ್ದೆ ಬಿಟ್ಟು, ರಾತ್ರಿ ಒಂಬತ್ತೂವರೆಗೇ ಎಲ್ಲರ ಜೊತೆ ಮಲಗಿ, ಬೆಳಗ್ಗೆ ಆರಕ್ಕೆ ಏಳುತ್ತಿದ್ದಳು. ಗಡಿಯಾರ ಒಂದು ದಿನಕ್ಕೆ ಒಂದೆರಡು ಗಂಟೆಗಿಂತ ಜಾಸ್ತಿ ಸರಿಯೋದಿಲ್ಲ. ಐದು ದಿನ ಕಷ್ಟಪಟ್ಟು ಅದನ್ನು ಆಕಡೆ ನೂಕಿ, ಎರಡು ದಿನದಲ್ಲಿ ಈಕಡೆ ಎಳೆದರೆ ಅದು ಎಲ್ಲೂ ನಿಲ್ಲೋದಿಲ್ಲ.

ಶಿಕಾಗೋದ ರಶ್ ವಿಶ್ವವಿದ್ಯಾಲಯದಲ್ಲಿ ಶಾರ್ಮೇನ್ ಈಸ್ಟ್‌ಮನ್ ಮತ್ತು ಅವರ ಜೊತೆಯವರು ಇದಕ್ಕೆ ಒಂದು ರಾಜಿ ಸೂತ್ರ ಹುಡುಕಿದರು. ಡ್ಯೂಟಿ ದಿನ ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಮೂರೂವರೆ, ರಜೆ ದಿನ ಬೆಳಗಿನ ಜಾವ ಮೂರರಿಂದ ಮಧ್ಯಾಹ್ನ ಹನ್ನೆರಡು. ಹೀಗೆ ಮಲಗಿದರೆ ಗಡಿಯಾರ ನಡುವೆ ಒಂದು ಕಡೆ ನಿಲ್ಲುತ್ತದೆ, ಡ್ಯೂಟಿಯಲ್ಲಿ ಎಚ್ಚರವೂ ರಜೆಯಲ್ಲಿ ಒಂದಿಷ್ಟು ಹಗಲೂ ಸಿಗುತ್ತದೆ. ನಾನು ಇದನ್ನು ಹೇಳಿದಾಗ ವಸಂತ ನಕ್ಕಳು. "ರಜೆ ದಿನ ಹನ್ನೆರಡಕ್ಕೆ ಎದ್ದರೆ ನಮ್ಮತ್ತೆ ನನ್ನ ಅಪ್ಪನಿಗೆ ಫೋನ್ ಮಾಡ್ತಾರೆ."

ಕೊನೆಗೆ ನಮ್ಮದೇ ಒಂದು ರಾಜಿ. ಮೊದಲನೇ ಆಫ್ ದಿನ ಬೆಳಗ್ಗೆ ಬಂದು ಹನ್ನೆರಡೂವರೆವರೆಗೆ ಮಾತ್ರ ನಿದ್ದೆ. ಆ ರಾತ್ರಿ ಮತ್ತು ಮರುದಿನ ರಾತ್ರಿ ಒಂದೂವರೆಗೆ ಮಲಗಿ ಬೆಳಗ್ಗೆ ಒಂಬತ್ತರ ಸುಮಾರಿಗೆ ಏಳೋದು. ಎಲ್ಲರೂ ಮಲಗಿದ ಮೇಲೆ ಯೂನಿಫಾರಂ ಇಸ್ತ್ರಿ, ಬೆಳ್ಳುಳ್ಳಿ ಬಿಡಿಸೋದು, ಹಿಟ್ಟು ರುಬ್ಬಿಡೋದು. ಬೆಳಗ್ಗೆ ತಡವಾಗಿ ಏಳುವ ಅಪರಾಧವನ್ನು ಆ ಕೆಲಸಗಳು ಸರಿದೂಗಿಸುತ್ತಿದ್ದವು, ಮನೆಯವರ ಲೆಕ್ಕದಲ್ಲಿ. ಅವಳ ಆ್ಯಪ್‌ನಲ್ಲಿ ಮಲಗುವ ವೇಳೆ ಒಂದೇ ಇಡೋಕೆ ಬರುತ್ತಿತ್ತು, ಅದಕ್ಕೆ ಆಫ್ ದಿನಕ್ಕೆ ಬೇರೆ ಮಾಮೂಲಿ ಅಲಾರಂ, ರಾತ್ರಿ ಒಂದಕ್ಕೆ, ಅದೇ ಕೊಳಲು. ಮತ್ತೆ ಡ್ಯೂಟಿ ಶುರುವಾಗುವ ದಿನ ಮಧ್ಯಾಹ್ನ ಎರಡಕ್ಕೆ ಮಲಗಿ ಮೂರೂವರೆಗೆ ಏಳುವುದು. ಅದಿಲ್ಲದಿದ್ದರೆ ಮೊದಲ ನೈಟ್ ಮುಗಿಯುವಾಗ ಅವಳು ಎದ್ದು ಇಪ್ಪತ್ತಮೂರು ಗಂಟೆ ಆಗಿರುತ್ತದೆ. ಮೊದಲ ರಾತ್ರಿಯೇ ಚಾರ್ಟಿನಲ್ಲಿ ಪೆನ್ನು ಜಾರೋದು ಜಾಸ್ತಿ, ಗಮನಿಸಿ.

ಹಗಲು ವಾಪಸ್ ಬಂತು ಅಂತ ಅವಳಿಗೆ ಗೊತ್ತಾದದ್ದು ಸೀರೆ ಕುಚ್ಚಿನಿಂದ. ಮದುವೆಗೆ ಮುಂಚಿನಿಂದಲೂ ಅವಳು ಕುಚ್ಚು ಕಟ್ಟುವವಳು. ಸೆರಗಿನ ಅಂಚಿನಲ್ಲಿ ರೇಷ್ಮೆ ಎಳೆಗಳನ್ನು ಎಣಿಸಿ, ಮಣಿ ಪೋಣಿಸಿ, ಗಂಟು ಹಾಕಿ, ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸೋದು. ಎಣಿಕೆ ತಪ್ಪಿದರೆ ಒಂದು ಕುಚ್ಚು ದಪ್ಪ, ಒಂದು ತೆಳ್ಳಗೆ. ನೈಟ್ ಶುರುವಾದ ವರ್ಷ ಅದನ್ನು ಬಿಟ್ಟಿದ್ದಳು. ಹತ್ತು ಕುಚ್ಚು ಕಟ್ಟಿದರೆ ನಾಲ್ಕು ಬಿಚ್ಚಬೇಕಾಗುತ್ತಿತ್ತು, ಎಳೆ ಎಣಿಸುತ್ತಾ ಎಲ್ಲಿದ್ದೆ ಅಂತ ಮರೆಯುತ್ತಿತ್ತು. ಈಗ ನಾಲ್ಕು ಗಂಟೆಗೆ ಮಗ ತಿಂಡಿ ತಿನ್ನುವಾಗ ಬಾಗಿಲ ಬಳಿ ಕೂತು ಕಟ್ಟುತ್ತಾಳೆ. ಅವನು ಮಗ್ಗಿ ಹೇಳುತ್ತಾನೆ, ಇವಳು ಎಳೆ ಎಣಿಸುತ್ತಾಳೆ, ಇಬ್ಬರ ಲೆಕ್ಕವೂ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಜಗಳ ಆಗುತ್ತದೆ. ಬೈಗುಳ ಇಲ್ಲ ಅಂತಲ್ಲ. ಬೈದದ್ದಕ್ಕೆ ಕಾರಣ ಇರುತ್ತದೆ ಈಗ.

ಒಟ್ಟು ಎಷ್ಟು ಸಿಕ್ಕಿತು? ಮೂರೂಕಾಲಿನಿಂದ ಏಳರವರೆಗೆ, ನಾಲ್ಕು ಗಂಟೆಯೂ ಇಲ್ಲ. ಮುಂಚೆ ಅವಳ ಕೈಯಲ್ಲಿ ಹತ್ತು ಗಂಟೆ ಇತ್ತು, ಆದರೆ ಯಾವುದನ್ನೂ ಅವಳು ಪೂರ್ತಿ ಎದ್ದು ಕಳೆದಿರಲಿಲ್ಲ. ನೈಟ್ ಡ್ಯೂಟಿ ಇದರಿಂದ ಒಳ್ಳೆಯದಾಯಿತು ಅಂತ ನಾನು ಹೇಳುತ್ತಿಲ್ಲ. ವಾರಕ್ಕೆ ಅರವತ್ತು ಗಂಟೆ ರಾತ್ರಿ ದುಡಿಸೋದು ತಪ್ಪೇ. ಅದಕ್ಕೆ ಅಲಾರಂ ಮದ್ದಲ್ಲ. ಎಷ್ಟೋ ಆಸ್ಪತ್ರೆಗಳಲ್ಲಿ ರಾತ್ರಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚೋಕೆ ಒಂದು ಕುರ್ಚಿಯೂ ಇಲ್ಲ. ಪೆನ್ನು ಜಾರಿದರೆ ಮೆಮೋ ಮಾತ್ರ ಸಿಗುತ್ತದೆ.

ಹೋದ ವಾರ ವಸಂತ ಫೋನ್ ಮಾಡಿದ್ದಳು. ಒಂದು ಟ್ರೈನಿಂಗಿಗೆ ಹದಿನೈದು ದಿನ ಮಾರ್ನಿಂಗ್ ಶಿಫ್ಟ್ ಹಾಕುತ್ತಾರಂತೆ, ಬೆಳಗ್ಗೆ ಎಂಟಕ್ಕೆ ಅಲ್ಲಿರಬೇಕು. "ಈಗ ಮಲಗೋ ಅಲಾರಂ ಎಷ್ಟಕ್ಕೆ ಇಡ್ಲಿ?" ಅಂದಳು. ಗಡಿಯಾರವನ್ನು ತಡ ಮಾಡೋದು ಸುಲಭ, ಬೇಗ ಮಾಡೋದು ಕಷ್ಟ. ನಮ್ಮ ಮೈಯ ದಿನ ಇಪ್ಪತ್ತನಾಲ್ಕು ಗಂಟೆಗಿಂತ ಒಂದು ಚೂರು ಉದ್ದ ಇರೋದರಿಂದ ಹಾಗೆ. ಅದಕ್ಕೆ ಒಂದೇ ಸಲಕ್ಕೆ ರಾತ್ರಿ ಹತ್ತಕ್ಕೆ ಇಡಬೇಡ ಅಂದೆ. ಆಫ್ ದಿನದ ಒಂದು ಗಂಟೆಯ ಅಲಾರಂ ಇದೆಯಲ್ಲ, ಅದನ್ನೇ ಹನ್ನೆರಡೂಕಾಲು, ಹನ್ನೊಂದೂವರೆ, ಹನ್ನೊಂದು ಅಂತ ದಿನಕ್ಕಿಷ್ಟು ಹಿಂದಕ್ಕೆ ತಾ. ಈ ಸಲ ಬೆಳಗಿನ ಬಿಸಿಲು ಬೇಕು, ಎದ್ದ ತಕ್ಷಣ ಹೊರಗೆ ನಿಲ್ಲು, ಕಪ್ಪು ಕನ್ನಡಕ ಒಳಗಿಡು. ಟ್ರೈನಿಂಗಿಗೆ ಎಷ್ಟು ದಿನ ಮುಂಚೆ ನೈಟ್ ಬಿಡಿಸ್ತಾರೆ ಅಂತ ಕೇಳಿದೆ.

"ಹಿಂದಿನ ದಿನ ಬೆಳಗ್ಗೆ" ಅಂದಳು.

"ಮೂರು ದಿನ ಕೇಳು."

"ಕೊಡಲ್ಲ ಕಣೆ."

"ಬರೆದು ಕೇಳು. ಚಾರ್ಟ್ ಜೊತೆಗಿಟ್ಟು ಕೇಳು."

ಕ್ಯಾಲೆಂಡರಿನ ಹಾಳೆಗಳನ್ನೆಲ್ಲ ಜೆರಾಕ್ಸ್ ಮಾಡಿಸಿ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಜಿನ ಮೇಲೆ ಇಟ್ಟು ಬಂದಿದ್ದಾಳೆ. ಎರಡು ದಿನ ಕೊಡ್ತೀವಿ ಅಂದಿದ್ದಾರಂತೆ. ಮೂರನೇ ದಿನಕ್ಕೆ ಇನ್ನೂ ಮಾತು ನಡೀತಾ ಇದೆ.